ಮುಚ್ಚಿದ ವಿಂಡೊ ಬಿಟ್ಟ ಬಣ್ಣ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಪ್ಪ ಪರರ ಮಗ್ಗಗಳಿಗೆ ಹಾಸು ಹೂಡಿ ಬದುಕಿದವನು; ಹೆಬ್ಬೆಟ್ಟು ಒತ್ತುತ್ತಿದ್ದ. ಬಾಗಲಕೋಟೆ ಕಡೆಯಿಂದ ವಡೋದರಾಕ್ಕೆ ಹೋಗಿ ಸಾಫ್ಟ್‌ವೇರ್ ಬರೆಯುವ ಕೆಲಸ ಹಿಡಿದೆನೆಂಬುದು ನನಗೆ ಹೆಮ್ಮೆಯ ಸಂಗತಿ. ಈಗಲೂ ಹೆಮ್ಮೆಯೇ. ಆದರೆ ಆ ಕೆಲಸದ ನೆನಪು ಬಂದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಸೂರತ್ತಿನ ಉಧ್ನಾದ ಒಂದು ಡೈಯಿಂಗ್ ಹೌಸು, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ಅಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಮಹಾರಾಷ್ಟ್ರದ ಖಾನ್‌ದೇಶ ಕಡೆಯ ಒಬ್ಬ ಆಪರೇಟರ್.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ನಾಲ್ಕೈದು ಜನರ ಆಫೀಸು. ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳಿಗೆ ನಾವು ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಯಂತ್ರದೊಳಗಿನ ನೀರು ಹೇಳಿದಷ್ಟು ಕಾದ ಕೂಡಲೇ ಕಂಪ್ಯೂಟರಿಗೆ ಸುದ್ದಿ ಬರಬೇಕು. ಆಗ ಪರದೆಯ ಮೇಲೆ ತೆರೆದಿಟ್ಟ ವಿಂಡೊ ಪಂಪಿಗೆ ಆಜ್ಞೆ ಕೊಟ್ಟು, ಅಳತೆಯ ಬಣ್ಣ ಬಿಡಿಸಿ, ಗ್ರಾಫಿನಲ್ಲಿ ಒಂದು ಚುಕ್ಕೆ ಇಡಬೇಕು. ಇಷ್ಟೇ ಕೆಲಸ.

ಉಧ್ನಾದಿಂದ ಫೋನ್ ಬಂತು. ಸಂಜೆ ಪಾಳಿಯ ಮೊದಲ ಲಾಟು ಬಟ್ಟೆ ಕಡುಬಣ್ಣಕ್ಕೆ ತಿರುಗುತ್ತಿದೆ, ತಿಳಿ ಗುಲಾಬಿ ಕೇಳಿದರೆ ದಾಳಿಂಬೆ ಬಣ್ಣ ಬರುತ್ತಿದೆ ಎಂದು. ನಮ್ಮ ಸೀನಿಯರ್ ಮಂಗಳೂರು ಮೂಲದವರು, ಹುಟ್ಟಿ ಬೆಳೆದದ್ದು ವಡೋದರಾದಲ್ಲೇ. ಆ ಪ್ರೋಗ್ರಾಂ ಬರೆದದ್ದೂ ಅವರೇ. ಫೋನಿನಲ್ಲಿ ಅವರ ಮೊದಲ ಮಾತು ಯಾವಾಗಲೂ ಒಂದೇ: "ಬಂದ್ ಕರಕೇ ಚಾಲೂ ಕರೋ." ಬಂದ್ ಮಾಡಿ ಚಾಲೂ ಮಾಡಿದ ಮೇಲೆ ಎಲ್ಲ ಸರಿಯಾಗುತ್ತಿತ್ತು. ಮುಂದಿನ ವಾರ ಮತ್ತೆ ಅದೇ ಫೋನು.

ಕೊನೆಗೆ ಸೀನಿಯರ್ ಖುದ್ದು ಹೋಗಿ, ಹಗಲಿನಲ್ಲಿ ಕೂತು ಮೂರು ಲಾಟು ನೋಡಿ ಬಂದರು. ಮೂರೂ ಸರಿ. "ಪ್ರೋಗ್ರಾಂ ಏಕದಂ ಕರೆಕ್ಟ್ ಉಂಟಪ್ಪಾ. ಅಲ್ಲಿ ಸಂಜೆ ಪಾಳಿಯವ ಏನೋ ಒತ್ತುತ್ತಾನೆ" ಎಂದರು. ಡೈಯಿಂಗ್ ಹೌಸಿನ ಮಾಲೀಕರಿಗೂ ಅದನ್ನೇ ಹೇಳಿ ಬಂದಿದ್ದರು. ಇನ್ನೊಂದು ಲಾಟು ಕೆಟ್ಟರೆ ಕೆಲಸವಿಲ್ಲ ಎಂದು ಆ ಆಪರೇಟರಿಗೆ ಎಚ್ಚರಿಕೆ ಬಿತ್ತು.

ಹೊಸ ಪ್ರಿಂಟರ್ ಜೋಡಿಸಲು ನನ್ನನ್ನು ಉಧ್ನಾಕ್ಕೆ ಕಳಿಸಿದಾಗ ನಾನು ಬೇಕೆಂದೇ ಸಂಜೆಯವರೆಗೂ ಅಲ್ಲೇ ಉಳಿದೆ.

ಪಾಳಿ ಬದಲಾಯಿತು. ಬೆಳಗಿನವನು ಎದ್ದು ಹೋದ. ಆ ಖಾನ್‌ದೇಶದ ಆಪರೇಟರ್ ಬಂದು ಕುರ್ಚಿ ಒರೆಸಿದ, ಕೀಬೋರ್ಡ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಬೆಳಗಿನವನು ತೆರೆದಿಟ್ಟಿದ್ದ ವಿಂಡೊ ಮುಚ್ಚಿದ. ಮತ್ತೆ ಹೊಸದಾಗಿ ತೆರೆದ.

"ಅದು ತೆರೆದೇ ಇತ್ತಲ್ಲ, ಯಾಕೆ ಮುಚ್ಚಿದಿರಿ?" ಎಂದು ಹಿಂದಿಯಲ್ಲಿ ಕೇಳಿದೆ.

"ಇನ್ನೊಬ್ಬ ಉಂಡ ತಾಟಿನಾಗ ಉಣ್ಣಬಾರದು ಸಾಬ್. ಅವನ ಕೆಲಸ ಅವನದು, ನನ್ನದು ನನ್ನದು" ಎಂದು ನಕ್ಕ. ನಗು ಮುಗಿಯುವುದರೊಳಗೆ ಮುಖ ಸಣ್ಣದಾಯಿತು. "ನಾನು ಏನೂ ಮಾಡಲ್ಲ ಸಾಬ್. ನೀವೇ ನೋಡಿ. ಮಗಳ ಮದುವೆ ಗೊತ್ತಾಗಿದೆ. ಈಗ ಕೆಲಸ ಹೋದರೆ ಬೀಗರ ಮುಂದೆ ಏನಂತ ನಿಲ್ಲಲಿ?"

ನೀರು ಕಾಯಿತು. ಪಂಪು ಗುರ್ ಎಂದು ಓಡಿ ನಿಂತಿತು. ಆಗ ಪರದೆಯ ನಡುವೆ ತಪ್ಪು ತಿಳಿಸುವ ಒಂದು ಡಬ್ಬಿ ಎದ್ದಿತು: ಎರರ್ ತೊಂಬತ್ತೊಂದು. ಅದರಲ್ಲಿ ಇದ್ದದ್ದು ಒಂದೇ ಗುಂಡಿ, ಓಕೆ. ಅವನು ನನ್ನ ಮುಖ ನೋಡಿದ, ಓಕೆ ಒತ್ತಿದ. ಪಂಪು ಮತ್ತೆ ಗುರ್ ಎಂದಿತು.

"ನೋಡಿದಿರಾ!" ಎಂದು ಹಿಂದೆ ನಿಂತಿದ್ದ ಸೂಪರ್‌ವೈಸರ್ ಕೂಗಿದ. "ಅವನು ಒತ್ತಿದ, ಅದು ಓಡಿತು! ಇನ್ನೇನು ಬೇಕು?"

"ಅದರಲ್ಲಿ ಇನ್ನೊಂದು ಗುಂಡಿ ಇದೆಯೇನು, ಒತ್ತದೆ ಇರೋಕೆ?" ಎಂದೆ. ಆ ಲಾಟು ದಾಳಿಂಬೆಯಾಯಿತು.

ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ನೀರು ಕಾದಾಗ ಯಾರಿಗೆ ಸುದ್ದಿ ಹೇಳಬೇಕು ಎಂಬ ಒಂದು ಪಟ್ಟಿ ಪ್ರೋಗ್ರಾಮಿನೊಳಗೆ ಇರುತ್ತದೆ. ವಿಂಡೊ ತೆರೆದಾಗ ಆ ಪಟ್ಟಿಗೆ ತನ್ನನ್ನು ಸೇರಿಸಿಕೊಳ್ಳುತ್ತದೆ. ಮುಚ್ಚುವಾಗ ತನ್ನನ್ನು ಅದರಿಂದ ತೆಗೆಯಬೇಕು, ಅದನ್ನು ನಮ್ಮವರು ಬರೆದೇ ಇರಲಿಲ್ಲ. ಹೀಗಾಗಿ ಬೆಳಗಿನವನ ವಿಂಡೊ ಕಣ್ಣಿಗೆ ಕಾಣದಂತಾಗಿದ್ದರೂ ಪಟ್ಟಿಯಲ್ಲಿ ಜೀವ ಹಿಡಿದುಕೊಂಡಿತ್ತು. ಸುದ್ದಿ ಮೊದಲು ಅದಕ್ಕೇ ಹೋಯಿತು. ಅದು ತನ್ನ ಪಾಲಿನ ಬಣ್ಣ ಬಿಡಿಸಿತು. ಗ್ರಾಫಿನಲ್ಲಿ ಚುಕ್ಕೆ ಇಡಲು ಹೋದರೆ ಗ್ರಾಫೇ ಇಲ್ಲ, ಮುಚ್ಚುವಾಗಲೇ ಹೋಗಿದೆ. ಇಲ್ಲದ ವಸ್ತುವನ್ನು ಮುಟ್ಟಿದ್ದಕ್ಕೆ ಆ ತೊಂಬತ್ತೊಂದು. ಡಬ್ಬಿ ತೆಗೆಯುವ ತನಕ ಉಳಿದದ್ದೆಲ್ಲ ಕಾಯುತ್ತ ನಿಂತಿರುತ್ತದೆ. ಓಕೆ ಒತ್ತಿದ ಮೇಲೆ ಪಟ್ಟಿಯ ಎರಡನೆಯದಕ್ಕೆ, ಅಂದರೆ ಇವನು ತೆರೆದ ವಿಂಡೊಗೆ, ಸುದ್ದಿ ಮುಟ್ಟಿತು. ಅದು ನ್ಯಾಯವಾಗಿ ತನ್ನ ಬಣ್ಣ ಬಿಡಿಸಿತು; ಒಂದೇ ಲಾಟಿಗೆ ಎರಡು ಪಾಲು. ನಮ್ಮೂರಲ್ಲಿ ಊಟಕ್ಕೆ ಹೇಳಿಬರುವವನು ಸತ್ತವರ ಮನೆ ಬಾಗಿಲಲ್ಲೂ ಹೆಸರು ಹಿಡಿದು ಕೂಗಿದ ಹಾಗೆ.

ಕಂಪ್ಯೂಟರ್ ಬಂದ್ ಮಾಡಿದರೆ ಪಟ್ಟಿ ಖಾಲಿ. ಅಲ್ಲಿಗೆ ಸಾಕ್ಷಿಯೂ ಖಾಲಿ. ದಿನಾ ಬೆಳಿಗ್ಗೆ ಹೊಸದಾಗಿ ಚಾಲೂ ಮಾಡುತ್ತಿದ್ದರಿಂದ ಹಗಲು ಪಾಳಿಯಲ್ಲಿ ತಪ್ಪು ಕಾಣುವಂತೆಯೇ ಇರಲಿಲ್ಲ. ಹೆಚ್ಚಿನ ದಿನ ಬೆಳಗಿನವನು ಕಂಪ್ಯೂಟರನ್ನೇ ಬಂದ್ ಮಾಡಿ ಹೋಗುತ್ತಿದ್ದ; ಹಾಗೇ ಬಿಟ್ಟು ಹೋದ ದಿನವಷ್ಟೇ ಸಂಜೆಯ ಲಾಟು ಕೆಡುತ್ತಿತ್ತು.

ಮಾಲೀಕರು ಬಟ್ಟೆ ಮಾರುಕಟ್ಟೆಯ ಕೆಲಸಕ್ಕೆ ಅಹಮದಾಬಾದಿಗೆ ಹೋಗಿದ್ದರು. ಸೂಪರ್‌ವೈಸರಿಗೆ ಹೇಳಿದೆ: "ತಪ್ಪು ನಮ್ಮದು. ನಾನು ತಿದ್ದಿ ತರುತ್ತೇನೆ. ಅಲ್ಲಿಯ ತನಕ ಇವನನ್ನು ತೆಗೆಯಬೇಡಿ." ಆಪರೇಟರಿಗೆ ಹೇಳಿದೆ: "ನಾಳೆಯಿಂದ ವಿಂಡೊ ಮುಚ್ಚಬೇಡಿ." ಅವನು ನನ್ನ ಎರಡೂ ಕೈ ಹಿಡಿದುಕೊಂಡ.

ವಡೋದರಾಕ್ಕೆ ಬಂದು ಸೀನಿಯರಿಗೆ ತೋರಿಸಿದೆ. ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ, ಪಟ್ಟಿಯಲ್ಲಿ ಎರಡು. ಅವರು ಕುರ್ಚಿ ಹಿಂದಕ್ಕೆ ತಳ್ಳಿದರು.

"ಓಪನ್ ಇದ್ದದ್ದನ್ನು ಯಾವ ಪಾಗಲ್ ಕ್ಲೋಸ್ ಮಾಡಿ ಓಪನ್ ಮಾಡ್ತಾನೆ ಮಾರಾಯ?"

"ಮುಚ್ಚೋ ಗುಂಡಿ ನಾವ ಕೊಟ್ಟೇವಲ್ರೀ ಸರ. ಮುಚ್ಚಬಾರದಂದ್ರ ಕೊಡಬಾರದಿತ್ತು."

"ತುಂಬ ಮಾತಾಡ್ತೀ. ಸರಿ ಮಾಡು. ಆದ್ರೆ ಅಲ್ಲಿ ಹೋಗಿ ಹೊಸ ವರ್ಷನ್ ಅಂತ ಹೇಳು, ಸಾಕು."

ಮುಚ್ಚುವ ಜಾಗದಲ್ಲಿ, ಪಟ್ಟಿಯಿಂದ ತನ್ನನ್ನು ತೆಗೆಯುವ ಒಂದು ಸಾಲು ಸೇರಿಸಿದೆ. ಇಷ್ಟೇ. ಫ್ಲಾಪಿಯಲ್ಲಿ ಹಾಕಿಕೊಂಡು ಸೂರತ್ತಿನ ರೈಲು ಹತ್ತಿದೆ.

ಕುರ್ಚಿಯಲ್ಲಿ ಬೇರೆಯವನು ಕೂತಿದ್ದ. ಮಾಲೀಕರು ಅಹಮದಾಬಾದಿನಿಂದ ಬಂದವರೇ ದಾಳಿಂಬೆ ಲಾಟು ನೋಡಿ ಹಳೆಯ ಆಪರೇಟರನ್ನು ತೆಗೆದುಹಾಕಿದ್ದರು. ಸೂಪರ್‌ವೈಸರ್ ನನ್ನ ಮಾತನ್ನು ಮುಟ್ಟಿಸಿದನೋ ಇಲ್ಲವೋ, ತಿಳಿಯಲಿಲ್ಲ.

ನಾನು ಮಾಲೀಕರ ಕ್ಯಾಬಿನ್ನಿಗೆ ಹೋದೆ. ಹೊಸ ವರ್ಷನ್ ಎನ್ನಲಿಲ್ಲ. ತಪ್ಪು ನಮ್ಮ ಪ್ರೋಗ್ರಾಮಿನದು, ಅವನದಲ್ಲ ಎಂದೆ. ವಿಂಡೊ, ಪಟ್ಟಿ, ಡಬ್ಬಿ ಎಲ್ಲ ಬಿಡಿಸಿ ಹೇಳಿದೆ. ಅವರು ಚಹಾ ತರಿಸಿದರು, ಕೊನೆಯವರೆಗೂ ಕೇಳಿದರು.

"ಭಾಯಿ, ನೀನು ಓದಿದವನು, ಒಳ್ಳೆ ಮನಸ್ಸಿನವನು. ಒಂದು ಮಾತು ಹೇಳು. ನಿನ್ನ ಫ್ಲಾಪಿ ಇನ್ನೂ ನಿನ್ನ ಜೇಬಿನಲ್ಲೇ ಇದೆ, ಹೌದಲ್ಲ?"

"ಹೌದು."

"ಹೊಸಬ ಬಂದ ಮೇಲೆ ಒಂದು ಲಾಟೂ ಕೆಟ್ಟಿಲ್ಲ. ಹಳೇ ಪ್ರೋಗ್ರಾಂ, ಹೊಸ ಮನುಷ್ಯ. ಈಗ ತಪ್ಪು ಯಾರದು?"

ಹೊಸಬ ವಿಂಡೊ ಮುಚ್ಚುತ್ತಿರಲಿಲ್ಲ. ಬೆಳಗಿನವನು ಬಿಟ್ಟದ್ದರಲ್ಲೇ ಕೂತು ಕೆಲಸ ಮಾಡುತ್ತಿದ್ದ. "ಈಗಲೇ ಮುಚ್ಚಿ ತೆರೆದು ತೋರಿಸುತ್ತೇನೆ, ಬನ್ನಿ" ಎಂದೆ.

"ಒಂದು ಲಾಟು ಹಾಳು ಮಾಡಿ ತೋರಿಸ್ತೀಯಾ?" ಎಂದು ನಕ್ಕು ಫೋನ್ ಎತ್ತಿಕೊಂಡರು.

ಫ್ಲಾಪಿ ಹಾಕಿ ಪ್ರೋಗ್ರಾಂ ಬದಲಾಯಿಸಿದೆ. ಸಂಜೆ ಪಂಪು ಒಮ್ಮೆ ಓಡಿ ನಿಂತಿತು. ನಿನ್ನೆಯೂ ಒಮ್ಮೆಯೇ ಓಡಿತ್ತು. ನಾನು ಏನು ಮಾಡಿದೆನೆಂದು ಅಲ್ಲಿ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಆ ಹಳೆಯ ಆಪರೇಟರ್ ಇದ್ದ ಚಾಳನ್ನು, ಒಂದೊಂದೇ ಕೋಣೆಯ ಸಾಲುಮನೆಯನ್ನು, ಹುಡುಕಿಕೊಂಡು ಹೋದೆ. ಪಕ್ಕದ ಖೋಲಿಯ ಹೆಂಗಸು ಪಾತ್ರೆ ತಿಕ್ಕುತ್ತಿದ್ದವಳು ತಲೆ ಎತ್ತಲಿಲ್ಲ. "ಊರಿಗೆ ಹೋದ. ಬಟ್ಟೆ ಕೆಡಿಸಿದನಂತೆ" ಎಂದಳು.

"ಅವನು ಕೆಡಿಸಲಿಲ್ಲ" ಎಂದೆ.

"ಹಾಗಾದರೆ ಅವನು ಹೋದ ಮೇಲೆ ಯಾಕೆ ಸರಿಯಾಯಿತು?" ಎಂದಳು ಆಕೆ, ಮತ್ತೆ ಪಾತ್ರೆಗೆ ಬೂದಿ ಹಚ್ಚಿದಳು.