ಅಮ್ಮನನ್ನು ಅಲುಗಾಡಿಸದ ಮಧ್ಯಾಹ್ನ

ಹಾಸನದ ಆಸ್ಪತ್ರೆಯಲ್ಲಿ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿ ನಾಲ್ಕನೆಯ ದಿನ ಒಂದು ಕಾಲು ಊದಿತು. ರಕ್ತಪರೀಕ್ಷೆಯ ವರದಿಯಲ್ಲಿ ಡಿ-ಡೈಮರ್ ಎಂಬ ಅಂಶ ಹೆಚ್ಚಿತ್ತು. ಹೆಪ್ಪುಗಟ್ಟಿದ ರಕ್ತ ಕರಗುವಾಗ ಅದು ಏರುತ್ತದೆಂದು ಓದಿದ್ದೆ. ಹೆಪ್ಪು ಶ್ವಾಸಕೋಶಕ್ಕೆ ಹೋದೀತೆಂದು ಹೆದರಿ ಅಮ್ಮನನ್ನು ಅಲುಗಾಡಲು ಬಿಡಲಿಲ್ಲ. ಕಿಟಕಿಯ ಬಿಸಿಲು ಹೊಳೆಯ ನೀರಿನಂತೆ ಹೊದಿಕೆಯ ಮೇಲೆ ಹರಿಯುತ್ತಿತ್ತು.

"ನನ್ನನ್ನ ಬಸದಿ ವಿಗ್ರಹ ಮಾಡ್ಬುಟ್ಯಲ್ಲೇ," ಎಂದಳು ಅಮ್ಮ.

ಡಾಕ್ಟರು ಬಂದು ವರದಿ ನೋಡಿದರು. "ಗಾಯ ಮಾಯೋವಾಗ್ಲೂ ಇದು ಏರುತ್ತೆ ಕಣಮ್ಮ, ಸೋಂಕಿದ್ರೂ ಏರುತ್ತೆ. ಇದೊಂದನ್ನೇ ನೋಡಿ ಕಾಲಲ್ಲಿ ಹೆಪ್ಪಿದೆ ಅನ್ನಕ್ಕಾಗಲ್ಲ. ಕಾಲು ಊದಿದ್ಯಲ್ಲ, ಸ್ಕ್ಯಾನ್ ಮಾಡ್ಸೋಣ."

ಸ್ಕ್ಯಾನಿನಲ್ಲಿ ಹೆಪ್ಪು ಕಾಣಲಿಲ್ಲ.

"ಇನ್ನು ಮಲಗಿಸ್ಬೇಡ, ನಡೆಸು," ಎಂದರು ಡಾಕ್ಟರು.

ಅಮ್ಮ ನನ್ನ ತೋಳು ಹಿಡಿದು, ಈಗ ನೆಲಕ್ಕಿಳಿದಿದ್ದ ಆ ಬಿಸಿಲನ್ನು ದಾಟಿಕೊಂಡು, ಕನಸಿನಲ್ಲೆಂಬಂತೆ ಬಾಗಿಲವರೆಗೆ ನಡೆದಳು.