ಸಾಲದ ಸಾಕ್ಷಿಗೆ ಬಂದ ಚಾಡಿಮಾತು

ಟೈಲರಕ್ಕ ಹೊಲಿದ ರವಿಕೆ ಕಾಲಿಂಚು ಆಚೀಚೆ ಆಗಿದ್ದನ್ನು ಕಂಡವರಿಲ್ಲ. ಆದರೆ ಅವಳ ಬಾಯಿಗೆ ಅಳತೆಯೆಂಬುದೇ ಇರಲಿಲ್ಲ. ಗಂಡನ ತಂಗಿಯ ವಿಷಯ ಬಂದರಂತೂ ಮಷಿನ್ನಿನ ಚಕ್ರ ನಿಂತರೂ ಮಾತು ನಿಲ್ಲುತ್ತಿರಲಿಲ್ಲ. ಆ ಮಾತುಗಳೆಲ್ಲ ಮೆಸೇಜಾಗಿ ಎದುರು ಸಾಲಿನ ಪಾರ್ಲರಿನವಳ ಫೋನಿಗೆ ಹೋಗುತ್ತಿದ್ದವು. ಇಬ್ಬರದೂ ಗಳಸ್ಯ ಕಂಠಸ್ಯ ಸ್ನೇಹ.

ಆ ಸ್ನೇಹದಲ್ಲೇ ಎರಡು ವರ್ಷ ಎಂಟು ತಿಂಗಳ ಹಿಂದೆ ಪಾರ್ಲರಿನವಳು ಹೊಸ ಕುರ್ಚಿಗಳಿಗೆಂದು ಅರವತ್ತು ಸಾವಿರ ಕೇಳಿದಳು. ಟೈಲರಕ್ಕ ತನ್ನ ಖಾತೆಯಿಂದ ಅವಳ ಖಾತೆಗೆ ಕಳಿಸಿದಳು. ಕಾಗದವಿಲ್ಲ, ಸಹಿಯಿಲ್ಲ. "ಗೆಳತಿ ಹತ್ರ ಪತ್ರ ಬರೆಸ್ಕೊಳ್ಳೋಕೆ ನಾನೇನು ಬಡ್ಡಿ ಅಂಗಡಿ ಇಟ್ಟಿದ್ದೀನಾ?"

ಈಗ ಹೊಲಿಗೆ ಅಂಗಡಿ ಕೋಣೆಯ ಮಾಲೀಕ ಹೊಸ ಮುಂಗಡ ಕೇಳಿದ್ದ. ಎರಡು ತಿಂಗಳಲ್ಲಿ ಐವತ್ತು ಸಾವಿರ ಕೊಡದಿದ್ದರೆ ಕೋಣೆ ಮೊಬೈಲ್ ರಿಪೇರಿಯವನ ಪಾಲು. ಟೈಲರಕ್ಕ ರಸ್ತೆ ದಾಟಿ ಹೋಗಿ ಕೇಳಿದಳು. ಪಾರ್ಲರಿನವಳು ಗಿರಾಕಿಯ ಹುಬ್ಬಿನಿಂದ ಕಣ್ಣೆತ್ತಲಿಲ್ಲ.

"ಯಾವ ಸಾಲ ಅಕ್ಕಾ? ಅದು ನೀವು ಪ್ರೀತಿಯಿಂದ ಕೊಟ್ಟಿದ್ದಲ್ವಾ?"

ಪ್ರೀತಿ ಅಷ್ಟು ದುಬಾರಿಯೆಂದು ಟೈಲರಕ್ಕನಿಗೆ ಅಂದೇ ತಿಳಿದದ್ದು.

ವಕೀಲಮ್ಮನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಎರಡೇ. "ಬ್ಯಾಂಕಿನ ಸ್ಟೇಟ್‌ಮೆಂಟ್ ತನ್ನಿ, ನಿಮ್ಮ ಫೋನ್ ತನ್ನಿ. ಮೆಸೇಜ್ ಒಂದೂ ಅಳಿಸಬೇಡಿ."

ನಾದಿನಿಯ ಮೇಲಿನ ಚಾಡಿಯನ್ನೆಲ್ಲ ಅಳಿಸಿಬಿಡಬೇಕೆಂದಿದ್ದ ಟೈಲರಕ್ಕನ ಬೆರಳು ಅಲ್ಲೇ ನಿಂತಿತು. ಸಾಲದ್ದಕ್ಕೆ ನಾದಿನಿ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು. "ವಕೀಲರ ಹತ್ರ ಒಬ್ಬಳೇ ಹೋಗ್ತೀಯಾ ಅತ್ತಿಗೆ? ಟೋಪಿ ಹಾಕಿಬಿಡ್ತಾರೆ. ನಾನೂ ಬರ್ತೀನಿ."

ವಕೀಲಮ್ಮನ ಕೋಣೆಯಲ್ಲಿ ಫೈಲುಗಳ ನಡುವೆ ಎರಡು ಕುರ್ಚಿಯಷ್ಟೇ ಜಾಗ. ಅವರು ಸ್ಟೇಟ್‌ಮೆಂಟಿನ ಮೇಲೆ ಬೆರಳಿಟ್ಟರು. "ದುಡ್ಡು ಹೋಗಿದ್ದು ಇಲ್ಲಿದೆ. ಯಾಕೆ ಹೋಯ್ತು ಅಂತ ಬ್ಯಾಂಕು ಹೇಳಲ್ಲ. ಅದನ್ನ ಅವಳ ಮಾತೇ ಹೇಳ್ಬೇಕು. ಕೊಟ್ಟು ಮೂರು ವರ್ಷ ಆಗೋದ್ರೊಳಗೆ ದಾವೆ ಹಾಕ್ಬೇಕು, ನಾಲ್ಕೇ ತಿಂಗಳು ಉಳಿದಿದೆ. ಮೆಸೇಜ್ ಓದ್ತಾ ಹೋಗಿ, ನಾನು ತಾರೀಖು ಗುರುತು ಹಾಕ್ಕೊಳ್ತೀನಿ."

"ಕನ್ನಡಕ ಮರೆತು ಬಂದೆ" ಎಂದಳು ಟೈಲರಕ್ಕ. ಓದುವುದು ತಪ್ಪುತ್ತದೆಂದು ಹೂಡಿದ ಉಪಾಯ.

"ಅದಕ್ಕೇನು, ಕೊಡು" ಎಂದು ನಾದಿನಿ ಫೋನ್ ಕಿತ್ತುಕೊಂಡಳು.

ಮೊದಲು ಹೂವಿನ ಚಿತ್ರಗಳು ಬಂದವು, ಕಾಲುನೋವಿನ ಎಣ್ಣೆ ಬಂತು. ಆಮೇಲೆ ನಾದಿನಿಯ ದನಿ ನಿಧಾನವಾಯಿತು. "'ನಮ್ಮ ಮನೆ ಮಹಾರಾಣಿ ಸೋಪು ತೆಳ್ಳಗಾದ್ರೆ ಹೊಸದಕ್ಕೆ ಅಂಟಿಸ್ತಾಳೆ.' ಇದ್ಯಾರು ಅತ್ತಿಗೆ?"

"ಯಾರೋ ಗಿರಾಕಿ ಇರ್ಬೇಕು ಕಣೇ."

"'ಗೊರಕೆ ಹೊಡೆದ್ರೆ ಗೋಡೆ ಗಡಿಯಾರ ಅಲ್ಲಾಡುತ್ತೆ.' ಗಿರಾಕಿ ನಮ್ಮನೇಲಿ ಮಲಗ್ತಾಳಾ?"

ಟೈಲರಕ್ಕ ಸೆರಗಿನ ಅಂಚು ನೋಡುತ್ತ ಕುಳಿತಳು. ಅಂಥ ಹೊಲಿಗೆಯನ್ನು ಜೀವಮಾನದಲ್ಲೇ ಕಂಡಿರದವಳ ಹಾಗೆ.

"ಈ ಮನೆಮಾತೆಲ್ಲ ಬಿಟ್ಟು ಬೇಕಾದ್ದಷ್ಟೇ ಕೊಡೋಕಾಗಲ್ವಾ ವಕೀಲಮ್ಮಾ?" ಎಂದು ಗೊಣಗಿದಳು.

"ಹಿಂದುಮುಂದು ಕತ್ತರಿಸಿ ಕೊಟ್ರೆ ಏನೋ ಮುಚ್ಚಿಟ್ರಿ ಅಂತಾರೆ. ಅವಳ ಫೋನಲ್ಲೂ ಇದೆಲ್ಲ ಇರುತ್ತೆ."

ನಾದಿನಿ ಬುಸುಗುಡುತ್ತ ಮುಂದೆ ಓದಿದಳು. ಪಾರ್ಲರಿನವಳ ಉತ್ತರವೊಂದು ಬಂತು. "'ನಿಮ್ಮ ನಾದಿನಿ ಥರ ಜಿಪುಣಿ ಆಗಿದ್ರೆ ನೀವು ನನಗೆ ಸಾಲ ಕೊಡ್ತಾ ಇದ್ರಾ ಅಕ್ಕಾ? ನಿಮ್ಮ ಅರವತ್ತು ಸಾವಿರದಲ್ಲಿ ಇವತ್ತು ಐದು ಹಾಕಿದ್ದೀನಿ. ಉಳಿದ ಐವತ್ತೈದು ಬೇಸಿಗೆ ಕಳೆಯೋದ್ರೊಳಗೆ ಕೊಡ್ತೀನಿ.'"

ವಕೀಲಮ್ಮ ಎದ್ದೇ ನಿಂತರು. ಸ್ಟೇಟ್‌ಮೆಂಟಿನಲ್ಲಿ ಅದೇ ತಾರೀಖಿಗೆ ಪಾರ್ಲರಿನವಳ ಖಾತೆಯಿಂದ ಐದು ಸಾವಿರ ಬಂದಿತ್ತು. "ಸಾಲ ಅಂತ ಅವಳೇ ಬರೆದಿದ್ದಾಳೆ. ಪ್ರೀತಿಗೆ ಕೊಟ್ಟ ದುಡ್ಡನ್ನ ಯಾರಾದ್ರೂ ಕಂತಲ್ಲಿ ವಾಪಸ್ ಕೊಡ್ತಾರಾ? ಈ ಫೋನ್ ಜೋಪಾನ. ಮಾರಬೇಡಿ, ಬದಲಾಯಿಸಬೇಡಿ."

"ಅಂದ್ರೆ ನನ್ನನ್ನ ಜಿಪುಣಿ ಅಂದಿದ್ದು ಕೋರ್ಟಿಗೆ ಹೋಗುತ್ತಾ?" ಎಂದಳು ನಾದಿನಿ.

"ದಾವೆ ಹಾಕಿದ್ರೆ ಹೋಗುತ್ತೆ. ಮೊದಲು ನೋಟಿಸ್ ಕಳಿಸೋಣ, ಹದಿನೈದು ದಿನ ಕೊಡೋಣ."

ನಾದಿನಿ ಮೂಗು ಕೆಂಪಗೆ ಮಾಡಿಕೊಂಡು ಫೋನನ್ನು ಅತ್ತಿಗೆಯ ಮಡಿಲಿಗೆ ಹಾಕಿದಳು. "ಹೋಗ್ಲಿ ಬಿಡಿ. ಐವತ್ತೈದು ಸಾವಿರಕ್ಕೆ ಇನ್ನೆರಡು ಸಲ ಜಿಪುಣಿ ಅಂದ್ರೂ ಕೇಳ್ತೀನಿ. ಮನೆಗೆ ನಡಿ ಅತ್ತಿಗೆ, ನಿನಗಿದೆ."

ಆ ರಾತ್ರಿ ಏನಾಯಿತೆಂದು ಟೈಲರಕ್ಕ ಯಾರಿಗೂ ಹೇಳಿಲ್ಲ. ಒಂದು ವಾರ ಅಡುಗೆ ಅವಳೇ ಮಾಡಿದಳು, ತುಟಿ ಪಿಟಿಕ್ಕೆನ್ನದೆ.

ನೋಟಿಸಿನಲ್ಲಿ ಆ ಮೆಸೇಜನ್ನೂ ದುಡ್ಡು ಹೋದ, ಬಂದ ಎರಡು ತಾರೀಖುಗಳನ್ನೂ ಹಾಗೆಯೇ ಬರೆದಿದ್ದರು. ಹನ್ನೊಂದನೇ ದಿನ ಪಾರ್ಲರಿನವಳು ವಕೀಲಮ್ಮನ ಕೋಣೆಗೆ ಬಂದಳು. ಮೂವತ್ತು ಸಾವಿರ ಅಲ್ಲೇ ಖಾತೆಗೆ ಹಾಕಿದಳು. ಉಳಿದ ಇಪ್ಪತ್ತೈದನ್ನು ತಿಂಗಳೊಳಗೆ ಬ್ಯಾಂಕಿನ ಮೂಲಕವೇ ಕೊಡುತ್ತೇನೆಂದು ಕಾಗದಕ್ಕೆ ಸಹಿ ಮಾಡಿದಳು. ನಾದಿನಿ ಸಾಕ್ಷಿ ಹಾಕಿದಳು, ಪ್ರತಿ ಸಾಲನ್ನೂ ಎರಡು ಸಲ ಓದಿ.

ಉಳಿದ ಕಂತು ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಬಂತು. ಕೋಣೆ ಟೈಲರಕ್ಕನಿಗೇ ಉಳಿಯಿತು. ಮರುವಾರ ಪಾರ್ಲರಿನವಳು ಮುಖ ತೋರಿಸಲಾರದೆ ಗಿರಾಕಿಯೊಬ್ಬಳ ಕೈಯಲ್ಲಿ ರವಿಕೆ ಬಟ್ಟೆ ಕಳಿಸಿದಳು. ಟೈಲರಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೊಲಿದು ಕೊಡ್ತೀನಿ ಅನ್ನು. ಕೂಲಿ ಪೂರ್ತಿ ಮೊದಲೇ ಕೊಡ್ಬೇಕು. ರಸೀದಿ ನಾನೇ ಬರೆದು ಕಳಿಸ್ತೀನಿ."