ಸೇವ್ ಒತ್ತಿದರೆ ಜಗಳ

ಹದಿನೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಮುಳ್ಳೇರಿಯದಲ್ಲಿ ಮೆಡಿಕಲ್ ಶಾಪಿನ ಮೇಲಿರುವ ಸಣ್ಣ ಆಫೀಸಿಗೆ ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಿದಾಗ, ಉದ್ಧರಣ ಚಿಹ್ನೆ ಒಂಟಿ (') ಅಲ್ಲ, ಜೋಡಿಯೇ (") ಇರಬೇಕೆಂಬ ಹಟವೂ ನನ್ನೊಟ್ಟಿಗೆ ಬಂತು. ಶಾಲಾ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಹೆತ್ತವರಿಗೆ ತೋರಿಸುವ ಆ್ಯಪ್ ನಮ್ಮದು. ಬಸ್ಸು ತಡವಾದರೆ ಪ್ರತಿ ನಿಲ್ದಾಣದ ಹೊಸ ಸಮಯ ಲೆಕ್ಕ ಹಾಕುವ ಮೂರು ಸಾಲು ಬರೆದೆ. ಅವು ಒಪ್ಪಿಗೆಯಾದರೆ ನಾನೂ ಪ್ರೋಗ್ರಾಮರ್ ಎಂದು ನನಗೇ ನಂಬಿಕೆ ಬರುತ್ತಿತ್ತು.

ಪರಿಶೀಲಿಸುವವನು ನನಗಿಂತ ಹತ್ತು ವರ್ಷ ಚಿಕ್ಕ ಸಹೋದ್ಯೋಗಿ. ಎರಡು ಸಲ ವಾಪಸ್ ಕಳಿಸಿದ.

"ಎಂತ ಅಕ್ಕ ಇದು, ಇಡೀ ಫೈಲೇ ಬದಲಾಗಿ ಉಂಟು. ನೀವು ಮಾಡಿದ್ದು ಯಾವುದೂಂತ ಹೇಗೆ ಹುಡುಕುವುದು?"

ನೋಡಿದರೆ ನನ್ನ ಜೋಡಿ ಚಿಹ್ನೆಗಳೆಲ್ಲ ಅವನ ಕೈಯಲ್ಲಿ ಒಂಟಿಯಾಗಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. "ನನ್ನದನ್ನು ಯಾಕೆ ತಿದ್ದಿದ್ದು ನೀನು?"

"ದೇವರಾಣೆ ಮುಟ್ಟಲಿಲ್ಲ! ಸೇವ್ ಮಾಡಿದ್ದು ಅಷ್ಟೆ."

ನಾನೂ ಸೇವ್ ಮಾಡಿದ್ದಷ್ಟೆ! ಅಕ್ಕಪಕ್ಕ ಕೂತು ಒತ್ತಿ ನೋಡಿದೆವು. ನನ್ನಲ್ಲಿ ಕೋಡನ್ನು ಓರಣಗೊಳಿಸುವ ಪ್ರೆಟಿಯರ್ ಎಲ್ಲವನ್ನೂ ಜೋಡಿ ಮಾಡುತ್ತಿತ್ತು. ಅವನಲ್ಲಿ ತಪ್ಪು ಹಿಡಿಯುವ ಲಿಂಟರ್ ಎಲ್ಲವನ್ನೂ ಒಂಟಿ ಮಾಡುತ್ತಿತ್ತು. ಜಗಳ ಅವುಗಳದ್ದು, ಬೈಗಳು ನಮಗೆ.

ಪ್ರೆಟಿಯರಿನ ಸೆಟ್ಟಿಂಗ್ ಫೈಲನ್ನು ಪ್ರಾಜೆಕ್ಟಿನೊಳಗೇ ಇಟ್ಟೆವು, ಇಬ್ಬರಿಗೂ ಒಂದೇ. ಹಳೆಯ ಕೋಡೆಲ್ಲ ಒಂಟಿಯಲ್ಲಿದ್ದ ಕಾರಣ ಅಲ್ಲಿ ನಾನೇ ಸೋತು ಒಂಟಿ ಎಂದು ಬರೆದೆ. ಸೇವ್ ಮಾಡಿದಾಗ ಓರಣಗೊಳಿಸಬೇಕೆಂಬ ಎಡಿಟರಿನ ಸೆಟ್ಟಿಂಗೂ ಅಲ್ಲೇ ಸೇರಿತು. ಆದರೂ ಲಿಂಟರ್ ಸುಮ್ಮನಿರಲಿಲ್ಲ, ಸಾಲಿನ ಮೊದಲಿನ ಖಾಲಿ ಜಾಗಗಳಿಗೆ ಕೆಂಪು ಗೆರೆ ಎಳೆಯಿತು. ಲಿಂಟರಿನ ಅಂದಚಂದದ ನಿಯಮಗಳನ್ನು ಆಫ್ ಮಾಡುವ ಸಿದ್ಧ ಸೆಟ್ಟಿಂಗ್, ಕಾನ್ಫಿಗ್, ಒಂದು ಉಂಟೆಂದು ಅವನು ಹೇಳಿದ. ತಂದು ಲಿಂಟರ್ ಓದುವ ಕಾನ್ಫಿಗ್‌ಗಳ ಪಟ್ಟಿಯ ತಲೆಗೆ ಹಾಕಿದೆ. ಗೆರೆಗಳು ಅಲ್ಲಾಡಲಿಲ್ಲ.

"ಅಕ್ಕಾ, ಕೊನೆಗೆ ಹಾಕಿ! ಕೆಳಗಿನದ್ದು ಮೇಲಿನದ್ದನ್ನು ಮೀರ್ತದೆ."

ಕೊನೆಗೆ ಸರಿಸಿ ಒತ್ತಿದೆ. ಗೆರೆಗಳೆಲ್ಲ ಮಾಯ! ಇನ್ನೊಮ್ಮೆ ಒತ್ತಿದೆ, ಏನೂ ಕದಲಲಿಲ್ಲ. ಖುಷಿಗೆ ಸುಮ್ಮನೆ ಹತ್ತು ಸಲ ಒತ್ತಿದೆ. ಘೋಷಿಸಿ ಬಳಸದ ಹೆಸರು, ಘೋಷಿಸದೆ ಬಳಸಿದ ಹೆಸರಿನಂಥ ನಿಜವಾದ ತಪ್ಪುಗಳನ್ನು ಹಿಡಿಯುವ ಕೆಲಸ ಮಾತ್ರ ಲಿಂಟರಿಗೆ ಉಳಿಯಿತು.

ಇಡೀ ಪ್ರಾಜೆಕ್ಟನ್ನು ಒಮ್ಮೆ ಓರಣಗೊಳಿಸಿ, ಆ ಬದಲಾವಣೆಯನ್ನಷ್ಟೇ ಪ್ರತ್ಯೇಕವಾಗಿ ಮುಖ್ಯ ಕೋಡಿಗೆ ಸೇರಿಸಿದೆವು. ಅದರ ಮೇಲೆ ನನ್ನ ಕೆಲಸವನ್ನು ಮತ್ತೆ ಕಳಿಸಿದೆ. ಪರದೆಯ ಮೇಲೆ ಹೊಸದಾಗಿ ಸೇರಿದ್ದೆಂದು ತೋರಿಸುವ ಬರೀ ಮೂರು ಹಸುರು ಸಾಲು.

ಅವನು ಮೊದಲ ಬಾರಿಗೆ ಅವನ್ನು ಓದಿದ, ನಿಧಾನವಾಗಿ.

"ಅಕ್ಕ, ಇದು ತಪ್ಪುಂಟು. ಲೆಕ್ಕ ಒಂದು ನಿಲ್ದಾಣ ಮೊದಲೇ ನಿಲ್ತದೆ. ಕೊನೆಯ ನಿಲ್ದಾಣ ನೆಕ್ರಾಜೆಯ ಮಕ್ಕಳ ಮನೆಗೆ ಹೊಸ ಸಮಯವೇ ಬರುವುದಿಲ್ಲ."

ಹೌದು! ನನ್ನದೇ ತಪ್ಪು, ಎಣಿಕೆಯಲ್ಲಿ ಒಂದು ಬಿಟ್ಟುಹೋಗುವ ಅಪ್ಪಟ ಪ್ರೋಗ್ರಾಮರಿನ ತಪ್ಪು. ಕಡೆಗೂ ಅವನು ಚಿಹ್ನೆಗಳನ್ನಲ್ಲ, ನನ್ನ ಕೋಡನ್ನು ಓದಿದ್ದ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.